ಕೀಬೋರ್ಡಿನ ಮೈಕು: ಉದ್ದ ಮಾತಿಗೆ ಸರಿ, ನಮಸ್ಕಾರಕ್ಕೆ ತಕರಾರು

ಮಂಡ್ಯದಲ್ಲಿ ನಮ್ಮದೊಂದು ಪ್ರಾವಿಜನ್ ಸ್ಟೋರು. ಹಾಲು, ಮೊಸರು, ದಿನಸಿ ಎಲ್ಲಾ ಇದೆ. ಮಾತಾಡಿದ್ದನ್ನು ಬರೆದುಕೊಡೋ ಫೋನಿನ ಕೀಬೋರ್ಡಲ್ಲಿರುವ ಕನ್ನಡ ಮೈಕನ್ನು ವರ್ಷಗಳಿಂದ ಬಳಸ್ತಿದ್ದೇನೆ. ಗಿರಾಕಿಗಳೂ ಅದರಲ್ಲೇ ಮಾತಾಡಿ ಆರ್ಡರ್ ಕಳಿಸ್ತಾರೆ. ಉದ್ದ ವಾಕ್ಯವಾದರೆ ಅಷ್ಟೇನೂ ತಪ್ಪು ಬರಲ್ಲ. ಎಡವೋದು ಮೊದಲ ಮಾತಿನಲ್ಲೇ.

ಮೊನ್ನೆ ಬಂದ ಮೆಸೇಜು ನೋಡಿ: "ಹಾಲು ಅಕ್ಕ ಎರಡು ಮೊಸರು ಒಂದು ಬ್ರೆಡ್". ಹಾಲು ಮಾರುವ ಅಂಗಡಿಗೆ ಇದು ಬಂದರೆ ಏನಂತ ತಿಳ್ಕೋಬೇಕು? ಹಾಲು ಬೇಕಿದ್ದವರು "ಅಕ್ಕ, ಎರಡು ಹಾಲು" ಅಂತಾರೆ. ಮೊದಲು ಕರೀತಾರೆ, ಆಮೇಲೆ ಲೆಕ್ಕ, ಆಮೇಲೆ ಸಾಮಾನು. ಇಲ್ಲಿ ಹಾಲು "ಅಕ್ಕ"ನಿಗಿಂತ ಮುಂದಿದೆ, ಅದಕ್ಕೆ ಲೆಕ್ಕವೂ ಇಲ್ಲ. ಹಾಗಾಗಿ ಅದು ಹಲೋ. "ನಮಸ್ಕಾರ, ಮೊಸರು, ಬ್ರೆಡ್ ಎತ್ತಿಟ್ಟಿದೀನಿ. ಹಾಲೂ ಹಾಕ್ಲಾ?" ಅಂತ ಉತ್ತರ ಕೊಟ್ಟೆ. ತಪ್ಪು ತೋರಿಸಿ ನಗೋ ಅಗತ್ಯ ಇಲ್ಲ, ವಯಸ್ಸಾದವರು ಆಮೇಲೆ ಮೆಸೇಜನ್ನೇ ಬಿಟ್ಟುಬಿಡ್ತಾರೆ.

ರಿಟೈರಾದ ಮೇಷ್ಟ್ರೊಬ್ಬರಿಂದ "ನಮ್ಮ ಸರ್ಕಾರ ಅಮ್ಮ" ಅಂತ ಬರುತ್ತೆ. ನಮಸ್ಕಾರವನ್ನು ಅವರು "ನಮ್ಸ್ಕಾರ" ಅಂತ ಬೇಗ ನುಂಗಿ ಹೇಳ್ತಾರೆ. ಮೈಕು ಸದ್ದನ್ನು ಮಾತ್ರ ನೋಡಲ್ಲ, ಯಾವ ಪದದ ಪಕ್ಕ ಯಾವ ಪದ ಬರಬಹುದು ಅಂತಲೂ ಅಂದಾಜು ಹಾಕುತ್ತೆ. ಮೊದಲ ಪದಕ್ಕೆ ಹಿಂದೆ ಯಾವ ಪದವೂ ಇರಲ್ಲ. ಒಂದೇ ಪದ ಹೇಳಿ ಸುಮ್ಮನಾದರೆ ಮುಂದೆಯೂ ಇಲ್ಲ. ಇನ್ನೊಂದು ಕಾರಣ ನಮ್ಮ ಅವಸರ. ಗುಂಡಿ ಒತ್ತಿದ ಕೂಡಲೇ ಮೈಕು ತೆರೆಯಲ್ಲ, ಚೂರು ತಡವಾಗುತ್ತೆ. ಅಷ್ಟರಲ್ಲಿ ಮಾತಾಡಿದರೆ "ನ" ಹೊರಗೇ ಉಳಿದು "ಮಸ್ಕಾರ" ಅಷ್ಟೇ ಒಳಗೆ ಹೋಗುತ್ತೆ. ಅದಕ್ಕೆ ಏನು ಬೇಕಾದರೂ ಬರೆಯುತ್ತೆ.

ಆ ಮೇಷ್ಟ್ರಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ. ಮೈಕಿನ ಗುರುತು ಅಲುಗಾಡೋವರೆಗೆ ಕಾಯಿರಿ. ಆಮೇಲೆ ನಮಸ್ಕಾರ, ಆರ್ಡರ್ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ. ಈಗ ಅವರ ಸರ್ಕಾರ ಅಪರೂಪಕ್ಕೆ ಮಾತ್ರ ಬರುತ್ತೆ. ಇದರ ಜೊತೆ ಕೀಬೋರ್ಡಿನ ಭಾಷೆಯನ್ನೂ ಒಮ್ಮೆ ನೋಡಿಕೊಳ್ಳಿ. ಇಂಗ್ಲಿಷ್‌ನಲ್ಲಿದ್ದರೆ ನಮ್ಮ "ಹೆಂಗಿದೀರಾ"ನ ದೇವರೇ ಕಾಪಾಡಬೇಕು.

ಅಂದಾಜು ಮಾಡಬಾರದ ಜಾಗವೂ ಒಂದಿದೆ. ನಮ್ಮ ಕಡೆ ಸುಮಾರು ಜನ "ಹ" ಹೇಳೋದೇ ಇಲ್ಲ. "ಅಕ್ಕ, ಬೆಲ್ಲದ ರೇಟು ಹೇಳು" ಅಂದಿದ್ದು "ರೇಟು ಏಳು" ಅಂತ ಬರುತ್ತೆ. ಅದು ಪರವಾಗಿಲ್ಲ, ಬೆಲ್ಲ ಏಳು ರೂಪಾಯಿಗೆ ಎಲ್ಲಿ ಸಿಗುತ್ತೆ? ಆದರೆ "ಏಳು ಮೊಸರು" ಅಂತ ಬಂದರೆ ಏಳು ಪ್ಯಾಕೆಟ್ಟೋ, "ಹೇಳು, ಮೊಸರು ಇದ್ಯಾ" ಅನ್ನೋದರ ಅರ್ಧವೋ ಗೊತ್ತಾಗಲ್ಲ. ಲೆಕ್ಕದ ವಿಷಯಕ್ಕೆ ನಾನು ಫೋನ್ ಮಾಡಿಯೇ ಕೇಳೋದು.

ಒಟ್ಟಿನಲ್ಲಿ ಈ ಮೈಕಿಗೆ ಐದಕ್ಕೆ ಮೂರೂವರೆ ಅಂಕ ಕೊಡ್ತೀನಿ. ಅಂಗಡಿಯಲ್ಲಿ ಹಿಟ್ಟಿನ ಗಿರಣಿ ಓಡ್ತಿರೋವಾಗ ಮಾತ್ರ ಬಳಸಬೇಡಿ, ಆಗ ಕೈಯಲ್ಲಿ ಟೈಪ್ ಮಾಡೋದೇ ಬೇಗ ಮುಗಿಯುತ್ತೆ.