ಕಾರ್ಡ್ ಬ್ಲಾಕ್ ಮಾಡಿಸಿದೆ. ಬೇಡದ ಚಂದಾ ಉಳಿಯಿತು, ಬೇಕಾದ ವಿಮೆ ತಪ್ಪಿತು

ಪ್ರತಿ ತಿಂಗಳು ತಾನಾಗಿಯೇ ಕಡಿತವಾಗುತ್ತಿದ್ದ ಒಂದು ಆ್ಯಪ್‌ನ ಚಂದಾವನ್ನು ನಿಲ್ಲಿಸಲು ನಾನು ನನ್ನ ಕ್ರೆಡಿಟ್ ಕಾರ್ಡನ್ನೇ ಬ್ಲಾಕ್ ಮಾಡಿಸಿ, ಹೊಸ ಸಂಖ್ಯೆಯ ಕಾರ್ಡ್ ತರಿಸಿಕೊಂಡೆ. ಆ ಚಂದಾ ಹೊಸ ಕಾರ್ಡಿನ ಮೇಲೂ ಮುಂದುವರಿಯಿತು. ಅದೇ ಕಾರ್ಡಿನಿಂದ ಕಟ್ಟಬೇಕಿದ್ದ ಆರೋಗ್ಯ ವಿಮೆಯ ವಾರ್ಷಿಕ ಪ್ರೀಮಿಯಂ ಮಾತ್ರ ಕಟ್ಟದೆ ಉಳಿದು ಪಾಲಿಸಿ ರದ್ದಾಯಿತು. ಇದೇ ದಾರಿ ಹಿಡಿಯಲು ಹೊರಟವರು ಮೊದಲು ಇದನ್ನು ಓದಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಚಂದಾ ಶುರುವಾದದ್ದು 14 ದಿನಗಳ ಉಚಿತ ಬಳಕೆಯಿಂದ. ಅವಧಿ ಮುಗಿದ ಮೇಲೆ ಪ್ರತಿ ತಿಂಗಳ 10ನೇ ತಾರೀಖು ಹಣ ಹೋಗತೊಡಗಿತು. ರದ್ದು ಮಾಡುವ ಗುಂಡಿ ಆ್ಯಪ್‌ನಲ್ಲಿ ಎಲ್ಲಿಯೂ ಸಿಗಲಿಲ್ಲ, ಸಹಾಯದ ಪುಟದಲ್ಲಿ ಬರೆದ ಒಂದು ಸಂದೇಶಕ್ಕೆ ಉತ್ತರ ಬರಲಿಲ್ಲ. ಬೇಸತ್ತು ಒಂದು ತಿಂಗಳ 6ನೇ ತಾರೀಖು ಬ್ಯಾಂಕಿಗೆ ಫೋನ್ ಮಾಡಿ, ಕಾರಣ ಕೇಳಿದಾಗ ಕಾರ್ಡ್ ಕಳೆದುಹೋಗಿದೆ ಎಂದು ಹೇಳಿದೆ. ಹಾಗೆ ಹೇಳಿದರೆ ಹೊಸ ಸಂಖ್ಯೆ ಬೇಗ ಸಿಗುತ್ತದೆ ಎಂಬ ಲೆಕ್ಕಾಚಾರ ನನ್ನದಾಗಿತ್ತು. ಅದು ಸುಳ್ಳು, ಮತ್ತು ಮುಂದೆ ಅದೇ ನನಗೆ ತಿರುಗಿಬಿತ್ತು.

ಆ ತಿಂಗಳ 10ರಂದು ಹಣ ಕಡಿತವಾಗಲಿಲ್ಲ. 15ರಂದು ಹೊಸ ಕಾರ್ಡ್ ಬಂದಿತು, ಸಮಸ್ಯೆ ಮುಗಿಯಿತೆಂದುಕೊಂಡೆ. ಮರು ತಿಂಗಳ 10ರಂದು, ನಾನು ಯಾರಿಗೂ ಕೊಡದೆ ಇದ್ದ ಆ ಹೊಸ ಕಾರ್ಡಿನಿಂದಲೇ ಎರಡು ತಿಂಗಳ ಚಂದಾ ಒಟ್ಟಿಗೆ ಹೋಯಿತು.

ಇದು ಕಳ್ಳತನವಲ್ಲ, ವ್ಯವಸ್ಥೆಯೇ ಹಾಗಿದೆ ಎಂದು ಬ್ಯಾಂಕಿನವರು ವಿವರಿಸಿದಾಗ ತಿಳಿಯಿತು. ಕಾರ್ಡ್ ಬದಲಾದಾಗ ಗ್ರಾಹಕರ ಸೇವೆಗಳು ನಿಲ್ಲಬಾರದೆಂದು ಕಾರ್ಡ್ ಜಾಲಗಳು ಸಂಖ್ಯೆ ನವೀಕರಿಸುವ ಸೇವೆಯೊಂದನ್ನು ನಡೆಸುತ್ತವೆ; ವೀಸಾದಲ್ಲಿ ಅದರ ಹೆಸರು ಅಕೌಂಟ್ ಅಪ್‌ಡೇಟರ್, ಮಾಸ್ಟರ್‌ಕಾರ್ಡ್‌ನಲ್ಲಿ ಆಟೋಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್. ಬ್ಯಾಂಕ್ ಹೊಸ ಸಂಖ್ಯೆಯನ್ನು ಅದಕ್ಕೆ ಒಪ್ಪಿಸುತ್ತದೆ, ನೋಂದಾಯಿಸಿಕೊಂಡ ವ್ಯಾಪಾರಿ ಅಲ್ಲಿಂದ ಪಡೆದುಕೊಳ್ಳುತ್ತಾನೆ. ಕೆಲವು ಕಡೆ ವ್ಯಾಪಾರಿಯ ಬಳಿ ನಿಜವಾದ ಸಂಖ್ಯೆಯ ಬದಲು ಒಂದು ಟೋಕನ್ ಇರುತ್ತದೆ. ಕಾರ್ಡ್ ಬದಲಾದರೂ ಟೋಕನ್ ಹಾಗೆಯೇ ಉಳಿದು, ತೆರೆಮರೆಯಲ್ಲೇ ಹೊಸ ಕಾರ್ಡಿಗೆ ಜೋಡಣೆಯಾಗಬಹುದು. ಆದರೆ ಎಲ್ಲ ವ್ಯಾಪಾರಿಗಳೂ, ಎಲ್ಲ ಬ್ಯಾಂಕುಗಳೂ ಈ ಸೇವೆಯಲ್ಲಿ ಇರುವುದಿಲ್ಲ. ನನ್ನ ಚಂದಾ ವಸೂಲು ಮಾಡುತ್ತಿದ್ದ ಕಂಪನಿ ಅದರಲ್ಲಿತ್ತು, ನನ್ನ ವಿಮಾ ಕಂಪನಿ ಇರಲಿಲ್ಲ. ಕಾರ್ಡ್ ಬದಲಿಸಿದರೆ ಯಾವ ಕಡಿತ ನಿಲ್ಲುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಮ್ಮ ಇಷ್ಟವಲ್ಲ, ಈ ನೋಂದಣಿ.

ಎರಡು ತಿಂಗಳ ಹಣವನ್ನು ಮರಳಿ ಪಡೆಯಲು ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿದೆ, ಅದು ತಿರಸ್ಕೃತವಾಯಿತು. ಕಾರ್ಡ್ ಸಂಖ್ಯೆಯನ್ನು ಆ ವ್ಯಾಪಾರಿಗೆ ಕೊಟ್ಟವನು ನಾನೇ ಆದ್ದರಿಂದ ಅದು ವಂಚನೆಯ ಲೆಕ್ಕಕ್ಕೆ ಬರುವುದಿಲ್ಲ. ರದ್ದಾದ ಚಂದಾ ಎಂದು ವಾದಿಸೋಣವೆಂದರೆ, ರದ್ದು ಮಾಡಿದ್ದಕ್ಕೆ ನನ್ನ ಬಳಿ ಪುರಾವೆ ಇರಲಿಲ್ಲ. ಕಾರ್ಡ್ ಕಳೆದಿದೆ ಎಂಬ ನನ್ನ ಹೇಳಿಕೆ ದಾಖಲೆಯಲ್ಲಿದ್ದು, ನಿಜವಾದ ಕಾರಣ ಬೇರೆ ಎಂದು ನಾನೇ ಈಗ ಹೇಳುತ್ತಿದ್ದುದರಿಂದ ನನ್ನ ಮಾತಿಗೆ ತೂಕವೂ ಉಳಿಯಲಿಲ್ಲ. ಕಾರ್ಡ್ ಬ್ಲಾಕ್ ಮಾಡಿಸುವುದೆಂದರೆ ಒಪ್ಪಂದವನ್ನು ಕೊನೆಗಾಣಿಸಿದಂತಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ವ್ಯಾಪಾರಿಯ ಪುಸ್ತಕದಲ್ಲಿ ನಾನು ಹಣ ಕಟ್ಟದ ಗ್ರಾಹಕನಾಗಿದ್ದೆ, ಆದ್ದರಿಂದಲೇ ಹಿಂದಿನ ತಿಂಗಳದ್ದೂ ಸೇರಿ ವಸೂಲಾಯಿತು.

ಆಮೇಲೆ ಸರಿಯಾದ ಕ್ರಮದಲ್ಲಿ ಹೋದೆ. ಅದೇ ತಿಂಗಳ 14ರಂದು ಆ ಕಂಪನಿಗೆ, ಚಂದಾ ರದ್ದುಗೊಳಿಸಿದ್ದೇನೆ, ಇನ್ನು ಮುಂದೆ ನನ್ನ ಯಾವ ಕಾರ್ಡಿನಿಂದಲೂ ಹಣ ಪಡೆಯಲು ಅನುಮತಿ ಇಲ್ಲ ಎಂದು ಇ-ಮೇಲ್ ಬರೆದು, ಕಳಿಸಿದ ಸಮಯ ಕಾಣುವಂತೆ ಪ್ರತಿ ಇಟ್ಟುಕೊಂಡೆ. ಮುಂದಿನ 10ರಂದು ಮತ್ತೆ ಹಣ ಹೋದಾಗ ಅದೇ ಪ್ರತಿಯನ್ನು ಲಗತ್ತಿಸಿ ತಕರಾರು ಹಾಕಿದೆ. ಆ ಒಂದು ತಿಂಗಳ ಹಣ ಮರಳಿತು. ಇಂಥ ತಕರಾರಿಗೆ ಕಾಲಮಿತಿ ಇದೆ, ಸಾಮಾನ್ಯವಾಗಿ ಕಾರ್ಡ್ ಜಾಲಗಳ ನಿಯಮದಲ್ಲಿ ಅದು 120 ದಿನ. ಬ್ಯಾಂಕ್ ಅದಕ್ಕಿಂತ ಮೊದಲೇ ಬರಲು ಹೇಳಬಹುದು. ಜೊತೆಗೆ, ಆ ಒಬ್ಬ ವ್ಯಾಪಾರಿಯ ಪುನರಾವರ್ತಿತ ಕಡಿತವನ್ನು ಮಾತ್ರ ತಡೆಯುವ ಆದೇಶವನ್ನು ಬ್ಯಾಂಕಿನಲ್ಲಿ ಹಾಕಿಸಿದೆ. ಈ ಸೌಲಭ್ಯ ಇರುವುದೇ ನನಗೆ ಗೊತ್ತಿರಲಿಲ್ಲ. ಮೊದಲ ಫೋನಿನಲ್ಲೇ ಅದನ್ನು ಕೇಳಿದ್ದರೆ ಹಳೆಯ ಕಾರ್ಡ್ ನನ್ನ ಬಳಿಯೇ ಇರುತ್ತಿತ್ತು.

ಈ ತಕರಾರಿಗಾಗಿ ಹಿಂದಿನ ವರ್ಷದ ಸ್ಟೇಟ್‌ಮೆಂಟ್‌ಗಳನ್ನು ಹೊರತೆಗೆಯುವಾಗಲೇ ವಿಮೆಯ ವಿಷಯ ಕಣ್ಣಿಗೆ ಬಿದ್ದದ್ದು. ಕಳೆದ ವರ್ಷ 22ನೇ ತಾರೀಖಿನಂದು ಇದ್ದ ಪ್ರೀಮಿಯಂನ ಸಾಲು ಈ ವರ್ಷ ಇರಲಿಲ್ಲ. ಹಳೆಯ ಸಂಖ್ಯೆಯ ಮೇಲೆ ಕಡಿತದ ಪ್ರಯತ್ನ ವಿಫಲವಾಗಿ, ಸೂಚನೆಗಳು ನಾನು ಅಪರೂಪಕ್ಕೆ ನೋಡುವ ಒಂದು ಇ-ಮೇಲ್ ವಿಳಾಸಕ್ಕೆ ಹೋಗಿದ್ದವು. 30 ದಿನಗಳ ಗ್ರೇಸ್ ಅವಧಿ ಮುಗಿದು ಆಗಲೇ ಮೂರು ವಾರ ಕಳೆದಿತ್ತು. ಈಗ ಹೊಸ ಪಾಲಿಸಿ, ಹೊಸ ಆರೋಗ್ಯ ಘೋಷಣೆ. ಮೊದಲಿನಿಂದ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಮತ್ತೆ ಮೊದಲ ದಿನದಿಂದ ಆರಂಭ. ವರ್ಷಗಳಿಂದ ಕಟ್ಟಿ ದಾಟಿದ್ದ ಆ ಅವಧಿಯನ್ನು ಕಳೆದುಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ. ಚಂದಾದ ಒಟ್ಟು ಮೊತ್ತ ಇದರ ಮುಂದೆ ಏನೂ ಅಲ್ಲ.

ತಿಂಗಳ ಕಡಿತಗಳು ನೆನಪಿನಲ್ಲಿರುತ್ತವೆ, ವರ್ಷಕ್ಕೊಮ್ಮೆ ಬರುವವು ಇರುವುದಿಲ್ಲ. ಆದ್ದರಿಂದ ಕಾರ್ಡ್ ಬದಲಿಸುವ ಮುನ್ನ ಕನಿಷ್ಠ 13 ತಿಂಗಳ ಸ್ಟೇಟ್‌ಮೆಂಟ್ ಓದಿ, ತಾನಾಗಿ ಹೋಗುವ ಪ್ರತಿಯೊಂದು ಸಾಲನ್ನೂ ಗುರುತು ಮಾಡಿಕೊಳ್ಳಬೇಕು. ಬೇಕಾದವುಗಳನ್ನು ಬೇರೆ ಕಾರ್ಡಿಗೋ ನೇರ ಬ್ಯಾಂಕ್ ಖಾತೆಗೋ ವರ್ಗಾಯಿಸಿ, ಒಂದು ಕಂತು ಅಲ್ಲಿಂದ ಕಟ್ಟಿದ್ದನ್ನು ಕಂಡ ಮೇಲೆಯೇ ಹಳೆಯದನ್ನು ಮುಚ್ಚಿಸಬೇಕು; ವಾರ್ಷಿಕ ಬಾಕಿ ಹತ್ತಿರದಲ್ಲಿದ್ದರೆ ಅದನ್ನು ಮುಂಚಿತವಾಗಿ ಕಟ್ಟಿಬಿಡುವುದು ಒಳ್ಳೆಯದು.

ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ಕಾರ್ಡ್ ಲಾಕ್ ಮಾಡುವುದನ್ನೂ ನಂಬಿ ಕೂರಬಾರದು. ಹಲವು ಬ್ಯಾಂಕುಗಳಲ್ಲಿ ಆ ಲಾಕ್ ಹೊಸ ಖರೀದಿಯನ್ನು ತಡೆಯುತ್ತದೆಯೇ ಹೊರತು ಮೊದಲೇ ಒಪ್ಪಿಗೆ ಪಡೆದ ಮಾಸಿಕ ಕಡಿತವನ್ನು ತಡೆಯುವುದಿಲ್ಲ.

ಹಾಗಾದರೆ ಕಾರ್ಡ್ ಬದಲಿಸಲೇಬೇಕಾದ ಸಂದರ್ಭ ಇಲ್ಲವೇ ಎಂದರೆ, ಇದೆ. ಸಂಖ್ಯೆ ನಿಜವಾಗಿಯೂ ಅಪರಿಚಿತರ ಕೈಸೇರಿದ್ದರೆ ತಡಮಾಡದೆ ಬ್ಲಾಕ್ ಮಾಡಿಸಬೇಕು. ಇನ್ನೊಂದು, ತಡೆ ಆದೇಶ ಹಾಕಿದ ಮೇಲೂ ವ್ಯಾಪಾರಿ ಪ್ರತಿ ಬಾರಿ ಬೇರೆ ಬೇರೆ ಹೆಸರಿನಲ್ಲಿ ವಸೂಲು ಮಾಡುತ್ತಿರುವುದು. ಆದೇಶ ವ್ಯಾಪಾರಿಯ ಗುರುತಿಗೆ ಅಂಟಿಕೊಂಡಿರುವುದರಿಂದ ಹೆಸರು ಬದಲಾದರೆ ಕಡಿತ ಅದರಿಂದ ತಪ್ಪಿಸಿಕೊಳ್ಳುತ್ತದೆ, ಸ್ಟೇಟ್‌ಮೆಂಟ್‌ನಲ್ಲಿ ಅದೇ ಮೊತ್ತ ಹೊಸ ಹೆಸರಿನಡಿ ಕಾಣಿಸಿಕೊಳ್ಳುವುದೇ ಅದರ ಸುಳಿವು. ಆಗ ಬ್ಯಾಂಕಿಗೆ ಇದ್ದ ಕಾರಣವನ್ನು ಇದ್ದ ಹಾಗೆಯೇ ಹೇಳಿ, ಹೊಸ ಸಂಖ್ಯೆಯನ್ನು ನವೀಕರಣ ಸೇವೆಗೆ ಕಳಿಸದಂತೆ, ಹಳೆಯ ಟೋಕನ್‌ಗಳನ್ನು ತೆಗೆದುಹಾಕುವಂತೆ ಲಿಖಿತವಾಗಿ ಕೇಳಿಕೊಳ್ಳಬೇಕು, ಮತ್ತು ಅವರು ಒಪ್ಪಿದರೋ ಇಲ್ಲವೋ ಎಂಬ ಉತ್ತರವನ್ನೂ ಬರಹದಲ್ಲೇ ಪಡೆಯಬೇಕು.