ಮದುವೆ ಸ್ಟೇಜಿಗೆ ಸೌಂಡ್ ಬುಕ್ ಮಾಡುವವರೇ, ಡೆಕೋರೇಶನ್‌ನವರ ಮಾತು ಕೇಳಿ ಸ್ಪೀಕರ್ ಹಿಂದೆ ಸರಿಸಬೇಡಿ

ಶಿರಸಿ ಕಡೆ ಮತ್ತೆ ಮದುವೆ ಸೀಸನ್ ಶುರುವಾಗ್ತಾ ಇದೆ. ರಿಸೆಪ್ಶನ್ ದಿನ ಒಂದು ಗಂಟೆ ಹಾಡು, ನಾಲ್ಕು ಮಾತು ಅಂತ ಸಣ್ಣ ಸೌಂಡ್ ಸೆಟ್ ಹೇಳುವವರು ತುಂಬ ಜನ. ಒಂದು ಮಿಕ್ಸರ್, ಜನರ ಕಡೆಗೆ ಎರಡು ಸ್ಪೀಕರ್, ಹಾಡುವವರಿಗೆ ತಮ್ಮ ದನಿ ಕೇಳಲಿ ಅಂತ ಸ್ಟೇಜ್ ಮೇಲೆ ಓರೆಯಾಗಿ ಇಡುವ ಎರಡು ಮಾನಿಟರ್. ಅಂಥದ್ದೇ ಸೆಟ್ ನಮ್ಮ ಮನೆ ಮದುವೆಗೂ ಬಂದಿತ್ತು. ಸಾಮಾನು ಚೆನ್ನಾಗಿಯೇ ಇತ್ತು, ದುಡ್ಡೂ ಸರಿಯಾಗಿಯೇ ಕೊಟ್ಟಿದ್ದೆವು. ಆದರೂ ಮೊದಲ ಹಾಡಿನ ಪಲ್ಲವಿ ಮುಗಿಯುವ ಮೊದಲೇ ಹಾಲ್ ತುಂಬ ಕೀಂ ಅಂತ ಕೂಗು. ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಅಳೋಕೆ ಶುರು ಮಾಡಿತು, ಅಜ್ಜಿಯರು ಕಿವಿ ಮುಚ್ಚಿಕೊಂಡರು.

ನಾನು ಊರಿನ ದೇವಸ್ಥಾನ, ಶಾಲೆ ಕಾರ್ಯಕ್ರಮಗಳಿಗೆ ಸಣ್ಣ ಸೆಟ್ ಹಾಕುವವನು. ಅವತ್ತು ಮಾತ್ರ ಮನೆಯವರು, ನೀನು ವೈರ್ ಎಳೀತಾ ಕೂರಬೇಡ, ಬಂದವರನ್ನು ಮಾತಾಡಿಸು ಅಂತ ಬೇರೆಯವರಿಗೆ ಹೇಳಿದ್ದರು. ಹಾಗಾಗಿ ಸೆಟಪ್ ಆಗುವಾಗ ನಾನು ಅಡುಗೆಮನೆ ಕಡೆ ಇದ್ದೆ.

ನಡೆದದ್ದು ಇಷ್ಟು. ಸೌಂಡ್‌ನ ಹುಡುಗ ಬೆಳಿಗ್ಗೆ ಬಂದು ಸ್ಪೀಕರ್ ಎರಡನ್ನೂ ಸ್ಟೇಜಿನ ಮುಂದೆ, ಎಡಬಲಕ್ಕೆ ಸ್ಟ್ಯಾಂಡ್ ಮೇಲೆ ಸರಿಯಾಗಿಯೇ ನಿಲ್ಲಿಸಿದ್ದನಂತೆ. ಮಧ್ಯಾಹ್ನ ಡೆಕೋರೇಶನ್‌ನವರು ಬಂದರು. ಹೂವಿನ ಕಂಬಕ್ಕೆ ಸ್ಪೀಕರ್ ಅಡ್ಡ ಬರುತ್ತೆ ಅಂದರು. ವಿಡಿಯೋದವನೂ ಸೇರಿಕೊಂಡ, ಫ್ರೇಮಲ್ಲಿ ಕಪ್ಪು ಡಬ್ಬ ಕಾಣುತ್ತೆ ಅಂತ. ಇಬ್ಬರೂ ಸೇರಿ ಸ್ಪೀಕರ್‌ಗಳನ್ನು ಸ್ಟೇಜಿನ ಹಿಂದಿನ ಮೂಲೆಗೆ, ಪರದೆಯ ಪಕ್ಕಕ್ಕೆ ಸರಿಸಿಸಿದರು. ಹುಡುಗ ಎದುರಾಡಲಿಲ್ಲ. ಅವನ ಮಾಲೀಕ ಇನ್ನೊಂದು ಮದುವೆಯಲ್ಲಿದ್ದ.

ಅಲ್ಲಿಗೆ ಅರ್ಧ ಕತೆ ಮುಗಿಯಿತು. ಸ್ಪೀಕರ್ ಹಾಡುವವರ ಬೆನ್ನ ಹಿಂದೆ, ಮೈಕ್ ಅವರ ಎದುರು. ಮೈಕಿನ ಬಾಯಿ ಇರುವುದು ಹಾಡುವವರ ಕಡೆಗೆ, ಅಂದರೆ ನೇರ ಸ್ಪೀಕರ್ ಕಡೆಗೇ. ಹಾಡಿದ್ದು ಸ್ಪೀಕರಿನಿಂದ ಹೊರಬಂದು ಮತ್ತೆ ಅದೇ ಮೈಕಿಗೆ ಹೋಗುತ್ತೆ, ಮಿಕ್ಸರಲ್ಲಿ ದೊಡ್ಡದಾಗುತ್ತೆ, ಮತ್ತೆ ಹೊರಬರುತ್ತೆ. ಈ ಸುತ್ತಿನಲ್ಲಿ ಯಾವುದಾದರೂ ಒಂದು ಸ್ವರ ಹೋದಷ್ಟೇ ಅಥವಾ ಹೋದದ್ದಕ್ಕಿಂತ ಜಾಸ್ತಿಯಾಗಿ ವಾಪಸ್ ಬಂದರೆ ಸಾಕು, ಅದೊಂದೇ ಸ್ವರ ಬೆಳೆದು ಬೆಳೆದು ಕೂಗಾಗುತ್ತೆ. ನಮ್ಮ ಹಾಲ್ ಬೇರೆ, ಮೇಲೆ ತಗಡು, ಕೆಳಗೆ ನುಣುಪು ಟೈಲ್ಸ್, ಎಡಬಲ ಬರೀ ಗೋಡೆ. ಮನೆ ಅಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರದ ಕೆಳಗೆ ಇಷ್ಟೇ ಸೌಂಡ್ ಇಟ್ಟಿದ್ದರೆ ಬಹುಶಃ ಸಹಿಸಿಕೊಳ್ಳುತ್ತಿತ್ತು, ಸೋಗೆ ಶಬ್ದವನ್ನು ಅಷ್ಟಾಗಿ ವಾಪಸ್ ಕೊಡುವುದಿಲ್ಲ. ತಗಡು ಎಲ್ಲವನ್ನೂ ವಾಪಸ್ ಕೊಡುತ್ತೆ.

ಕೂಗು ಬಂದ ತಕ್ಷಣ ಹಾಡುತ್ತಿದ್ದ ಚಿಕ್ಕಮ್ಮನ ಮಗ ಏನು ಮಾಡಿದ ಗೊತ್ತಾ? ಮೈಕಿನ ಜಾಲರಿ ತಲೆಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿದ. ಕೂಗು ಇನ್ನೂ ಜೋರಾಯಿತು. ಎಲ್ಲರೂ ಇದನ್ನೇ ಮಾಡ್ತಾರೆ, ದಯವಿಟ್ಟು ಮಾಡಬೇಡಿ. ಹಾಡುಗಾರಿಕೆಯ ಮೈಕ್ ಹಿಂದಿನ ಶಬ್ದವನ್ನು ಕೇಳಿಸಿಕೊಳ್ಳದೆ ಇರುವುದು ಜಾಲರಿಯ ಹಿಂಭಾಗದಿಂದಲೂ ಶಬ್ದ ಒಳಗೆ ಹೋಗುವುದರಿಂದ. ಅದನ್ನು ಕೈಯಿಂದ ಮುಚ್ಚಿದರೆ ಮೈಕ್ ಸುತ್ತಲಿನದ್ದನ್ನೆಲ್ಲ ಕೇಳಿಸಿಕೊಳ್ಳೋಕೆ ಶುರು ಮಾಡುತ್ತೆ. ಕೂಗಿದರೆ ಮೈಕನ್ನು ಸುಮ್ನೆ ಬಾಯಿ ಹತ್ತಿರ ತನ್ನಿ, ಇಲ್ಲವೇ ಸ್ವಿಚ್ ಆಫ್ ಮಾಡಿ.

ಇನ್ನರ್ಧ ಕತೆ ಮಿಕ್ಸರಿನಲ್ಲಿತ್ತು. ಮೊದಲ ಹಾಡು ಹೇಗೋ ಮುಗಿಯಿತು. ಹಾರ್ಮೋನಿಯಂ ಹಿಡಿದಿದ್ದ ಭಾವ ಹುಡುಗನಿಗೆ ಕೈ ಮಾಡಿ, "ತಮಾ, ಯಂಗೆ ಯನ್ನ ಸ್ವರನೇ ಕೇಳ್ತಿಲ್ಲೆ" ಅಂದರು. ಅವನು ಮಾನಿಟರ್ ಸ್ವಲ್ಪ ಏರಿಸಿದ. ಅಷ್ಟರಲ್ಲಿ ಹಿಂದಿನ ಸಾಲಿನವರು ಹಾಡು ಕೇಳ್ತಿಲ್ಲ ಅಂದರು, ಅವನು ಹಾಡುವವರ ಫೇಡರ್, ಅಂದರೆ ಹಾಲ್‌ಗೆ ಹೋಗುವ ಸೌಂಡ್ ಹೆಚ್ಚು ಕಮ್ಮಿ ಮಾಡುವ ಜಾರುಗುಂಡಿ, ಏರಿಸಿದ. ಮತ್ತೆ ಕೂಗು. ಫೇಡರ್ ಇಳಿಸಿದ. ಈಗ ಭಾವನಿಗೆ ಮತ್ತೆ ಕೇಳಿಸದು. ಇದೇ ಆಟ ಹಾಡಿನುದ್ದಕ್ಕೂ ನಡೀತು. ನಾನು ತಡೆಯಲಾಗದೆ ಹೋಗಿ ಮಿಕ್ಸರ್ ನೋಡಿದೆ. ಮಾನಿಟರ್‌ಗೆ ಬೇರೆಯಾಗಿ ಶಬ್ದ ಕಳಿಸುವ ಆಕ್ಸ್ ಅನ್ನೋ ನಾಬ್ ಪಕ್ಕದ ಸಣ್ಣ ಬಟನ್ 'ಪೋಸ್ಟ್' ಕಡೆ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ತುಂಬ ಕಡೆ ಕೂಗಿನ ಮೂಲ ಇದೇ. ಪೋಸ್ಟ್ ಅಂದರೆ ಫೇಡರ್ ದಾಟಿದ ಮೇಲಿನ ಶಬ್ದ ಮಾನಿಟರ್‌ಗೆ ಹೋಗುತ್ತೆ. ಜನರಿಗೆ ಅಂತ ಫೇಡರ್ ಏರಿಸಿದರೆ ಮಾನಿಟರೂ ಅಷ್ಟೇ ಏರುತ್ತೆ, ಮಾನಿಟರ್ ಇರುವುದು ಮೈಕಿನಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಕೂಗದೆ ಇನ್ನೇನು ಮಾಡುತ್ತೆ. 'ಪ್ರೀ' ಇಟ್ಟರೆ ಮಾನಿಟರ್ ತನ್ನ ಪಾಡಿಗೆ ತಾನಿರುತ್ತೆ, ಫೇಡರ್ ಮುಟ್ಟಿದರೆ ಹಾಲ್‌ನ ಸೌಂಡ್ ಮಾತ್ರ ಬದಲಾಗುತ್ತೆ. ಮಾನಿಟರ್‌ಗೆ ಪ್ರೀ, ಎಕೋಗೆ ಪೋಸ್ಟ್, ಇಷ್ಟು ನೆನಪಿಟ್ಟುಕೊಂಡರೆ ಸಾಕು. ಕೆಲವು ಸಣ್ಣ ಮಿಕ್ಸರಿನಲ್ಲಿ ಬಟನ್ ಇರುವುದಿಲ್ಲ, ಯಾವ ಆಕ್ಸ್ ಪ್ರೀ ಯಾವುದು ಪೋಸ್ಟ್ ಅಂತ ಪ್ಯಾನೆಲ್ ಮೇಲೇ ಬರೆದಿರುತ್ತೆ, ನೋಡಿಕೊಳ್ಳಬೇಕು. ಅಂದಹಾಗೆ ಆ ಹುಡುಗ ಎಕೋವನ್ನೂ ಮಾನಿಟರ್‌ಗೆ ಬಿಟ್ಟಿದ್ದ. ಮದುವೆ ಸೌಂಡ್‌ನವರಿಗೆ ಎಕೋ ಮೇಲೆ ಅದೇನು ಪ್ರೀತಿಯೋ ನನಗೆ ಅರ್ಥವೇ ಆಗುವುದಿಲ್ಲ. ಜನರಿಗೆ ಬೇಕಾದರೆ ಕೊಡಲಿ, ಮಾನಿಟರಿನಲ್ಲಿ ಅದರ ಅಗತ್ಯ ಇಲ್ಲ.

ಅಷ್ಟೊತ್ತಿಗೆ ಫೋಟೋ ಸೆಶನ್ ಶುರುವಾಯಿತು. ಗಂಡಿನ ಕಡೆಯವರು ಸಾಲುಗಟ್ಟಿ ಸ್ಟೇಜ್ ಹತ್ತಿದರು, ಹಾಡಿಗೆ ಬಿಡುವು. ನಾನು, ಆ ಹುಡುಗ ಇಬ್ಬರೂ ಸೇರಿ ಎಲ್ಲ ಬದಲಾಯಿಸಿದೆವು. ಮೊದಲು ಸ್ಪೀಕರ್. ಹೂವಿನ ಕಂಬದ ಹೊರಗೆ, ಮೈಕ್‌ಗಳು ಇರುವ ಗೆರೆಗಿಂತ ನಾಲ್ಕೈದು ಅಡಿ ಮುಂದಕ್ಕೆ ತಂದೆವು. ಎತ್ತರ ಕುಳಿತವರ ತಲೆ ದಾಟುವಷ್ಟು, ಮುಖ ಗೋಡೆಗಲ್ಲ, ಹಿಂದಿನ ಸಾಲಿನ ಜನರಿಗೆ. ಡೆಕೋರೇಶನ್‌ನವ ಮುಖ ಊದಿಸಿಕೊಂಡ, ಊದಿಸಿಕೊಳ್ಳಲಿ. ವಿಡಿಯೋದವ ಕ್ಯಾಮೆರಾ ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟ, ಅವನ ಸಮಸ್ಯೆ ಅಲ್ಲಿಗೆ ಮುಗಿಯಿತು.

ಆಮೇಲೆ ಮಾನಿಟರ್ ಇಡುವ ಜಾಗ. ಇದರಲ್ಲಿ ಗೊತ್ತಿರುವವರೂ ಎಡವುತ್ತಾರೆ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ನೇರ ಬಾಲದ ಕಡೆ ಕಿವಿ ಇರುವುದಿಲ್ಲ. ಆದ್ದರಿಂದ ಮೈಕಿನ ಬಾಲ ಯಾವ ಕಡೆ ತೋರಿಸುತ್ತೋ ಅಲ್ಲೇ ಮಾನಿಟರ್ ಇಡಬೇಕು. ಆದರೆ ಸೂಪರ್‌ಕಾರ್ಡಿಯಾಯ್ಡ್ ಅಂತ ಬರುವ ಮೈಕ್ ಬೇರೆ ಥರ. ಅದಕ್ಕೆ ನೇರ ಹಿಂದಿನಿಂದ ಸ್ವಲ್ಪ ಕೇಳುತ್ತೆ, ಕಿವುಡು ಇರುವುದು ಹಿಂದಿನ ಎಡ ಓರೆ ಮತ್ತು ಬಲ ಓರೆಯಲ್ಲಿ. ಬಾಯಿಯಿಂದ ಲೆಕ್ಕ ಹಾಕಿದರೆ ಸುಮಾರು 125 ಡಿಗ್ರಿ. ಅವತ್ತು ಬಂದಿದ್ದು ಈ ಎರಡನೇ ಥರದ್ದು, ಸ್ವಲ್ಪ ದುಬಾರಿ ಮೈಕೇ, ಮಾನಿಟರ್ ಮಾತ್ರ ನೇರ ಬಾಲದ ಎದುರು. ಅದನ್ನು ಹಾಡುವವರ ಎಡ ಮುಂದಕ್ಕೆ ಓರೆಯಾಗಿ ಸರಿಸಿದ್ದೇ ತಡ, ಅದೇ ವಾಲ್ಯೂಮಿನಲ್ಲಿ ಮೊದಲಿದ್ದ ಕೀರಲು ಮಾಯ. ಯಾವ ನಾಬ್ ಕೂಡ ಮುಟ್ಟಿರಲಿಲ್ಲ. ನಿಮ್ಮ ಮೈಕ್ ಯಾವುದು ಅಂತ ಗೊತ್ತಾಗಬೇಕಾದರೆ ಅದರ ಮೈಮೇಲೆ ಅಥವಾ ಪೆಟ್ಟಿಗೆ ಮೇಲೆ ಸಣ್ಣ ಚಿತ್ರ ಇರುತ್ತೆ. ಅದೂ ಇಲ್ಲದಿದ್ದರೆ ಮಾನಿಟರ್ ಸಣ್ಣದಾಗಿ ಇಟ್ಟು, ಮೈಕಿನ ಬಾಲವನ್ನು ಅದರ ಎದುರು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ, ಎಲ್ಲಿ ಗುಂಯ್ ಅನ್ನೋದು ಕಮ್ಮಿಯಾಗುತ್ತೋ ಅದೇ ಅದರ ಕಿವುಡು ಕಡೆ.

ಹಾರ್ಮೋನಿಯಂ, ತಬಲಾ, ಇಬ್ಬರು ಹಾಡುವವರು, ನಿರೂಪಣೆಗೆ ಒಂದು ಕಾರ್ಡ್‌ಲೆಸ್. ಐದೂ ಮೈಕ್ ಮೊದಲಿನಿಂದ ಕೊನೆಯವರೆಗೆ ತೆರೆದೇ ಇದ್ದವು. ತೆರೆದ ಮೈಕಿನ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಕೂಗುವ ಮುಂಚೆ ಸಿಗುವ ಸೌಂಡಿನಲ್ಲಿ ಸುಮಾರು 3 ಡಿಬಿ ಕಳೆದುಕೊಳ್ಳುತ್ತೇವೆ. ಯಾರೂ ಮಾತಾಡದೆ ಕುರ್ಚಿ ಮೇಲೆ ಬಿದ್ದಿದ್ದ ಕಾರ್ಡ್‌ಲೆಸ್ ಮೈಕ್ ಮ್ಯೂಟ್ ಮಾಡಿದೆವು. ಹಾರ್ಮೋನಿಯಂ ಮೈಕ್ ಒಂದೂವರೆ ಅಡಿ ದೂರ ಇತ್ತು, ಅದನ್ನು ಮುಕ್ಕಾಲು ಅಡಿಗೆ ತಂದೆವು. ದೂರ ಅರ್ಧ ಮಾಡಿದರೆ ಮೈಕಿಗೆ ಸುಮಾರು 6 ಡಿಬಿ ಪುಕ್ಕಟೆ ಸಿಗುತ್ತೆ, ಅಷ್ಟು ಗೇನ್, ಅಂದರೆ ಮಿಕ್ಸರ್ ಮೈಕಿನ ಶಬ್ದವನ್ನು ದೊಡ್ಡದು ಮಾಡುವ ಪ್ರಮಾಣ, ಇಳಿಸಬಹುದು. ಹಾಡುವ ಮೈಕ್‌ಗಳಿಗೆ ಲೋ ಕಟ್ ಬಟನ್ ಒತ್ತಿದೆವು. ಹಲಗೆ ಸ್ಟೇಜಿನ ಟೊಳ್ಳಿನಿಂದ ಬರುವ ಊಂ ಎನ್ನುವ ದಪ್ಪ ಗುಂಗು ಅದರಿಂದ ತಗ್ಗಿತು.

ಕೊನೆಗೆ ಈಕ್ವಲೈಜರ್, ಒಂದೊಂದು ಸ್ವರಮಟ್ಟಕ್ಕೆ ಒಂದೊಂದು ಕಡ್ಡಿ ಇರುವ ಪೆಟ್ಟಿಗೆ. ಹುಡುಗ ಅದರ ಎರಡು ತುದಿ ಏರಿಸಿ ನಡುವೆ ಇಳಿಸಿ ನಗುಮುಖ ಮಾಡಿಟ್ಟಿದ್ದ. ಎಲ್ಲ ಮಧ್ಯಕ್ಕೆ ತಂದು ಮಾನಿಟರ್‌ಗೆ ಜೋಡಿಸಿದೆವು. ಮೈಕ್ ತೆರೆದಿಟ್ಟು ಮಾನಿಟರ್ ನಿಧಾನವಾಗಿ ಏರಿಸುತ್ತಾ ಹೋಗಬೇಕು. ಕೂಗುವವರೆಗೆ ಹೋಗಬೇಡಿ, ಮಾತಿನ ಹಿಂದೆ ಣ್ ಅಂತ ಬಾಲ ಉಳಿದರೆ ಅಲ್ಲೇ ನಿಲ್ಲಿಸಿ. ಫೋನಿನಲ್ಲಿ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್ ತೆರೆದರೆ ಆ ಸ್ವರ ಯಾವುದು ಅಂತ ಎದ್ದು ಕಾಣುತ್ತೆ. ಅವತ್ತು ಮೊದಲು ಬಂದದ್ದು 2.5 ಕಿಲೋಹರ್ಟ್ಸ್ ಹತ್ತಿರ. ಅದೊಂದು ಕಡ್ಡಿ 4 ಡಿಬಿ ಇಳಿಸಿದೆವು. ಮತ್ತೆ ಏರಿಸಿದಾಗ 400 ಹರ್ಟ್ಸ್ ಹತ್ತಿರ ಇನ್ನೊಂದು, ಅದನ್ನೂ 3 ಡಿಬಿ. ಆಮೇಲೆ ಒಟ್ಟು ಮಾನಿಟರನ್ನು ಅಲ್ಲಿಂದ 6 ಡಿಬಿ ಕೆಳಗೆ ಇಳಿಸಿ ಬಿಟ್ಟೆವು, ಯಾಕೆಂದರೆ ಜನ ಓಡಾಡಿದಾಗ, ಹಾಡುವವರು ವಾಲಿದಾಗ ಲೆಕ್ಕ ಬದಲಾಗುತ್ತೆ. ಮೂರು ನಾಲ್ಕು ಕಡ್ಡಿಗಿಂತ ಜಾಸ್ತಿ ಇಳಿಸಬೇಕಾಗಿ ಬಂದರೆ ಈಕ್ವಲೈಜರ್ ಬಿಟ್ಟು ಜಾಗ ನೋಡಿ. ಇನ್ನೂ ಇಳಿಸುತ್ತಾ ಹೋದರೆ ಹಾಡು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತೆ.

ಕಾರ್ಯಕ್ರಮದ ನಡುವೆ ಕೂಗಿದರೆ ಮೊದಲು ಮಾನಿಟರಿನ ಆಕ್ಸ್ ಮಾಸ್ಟರ್ ಇಳಿಸಿ. ಕೂಗು ನಿಂತರೆ ತಪ್ಪು ಮಾನಿಟರಿನದು. ನಿಲ್ಲದಿದ್ದರೆ ಎದುರಿನ ಸ್ಪೀಕರಿನದು. ಮಾಸ್ಟರ್ ಫೇಡರ್ ಗಾಬರಿಯಲ್ಲಿ ಎಳೆದರೆ ಹಾಡು ಸಾಯುತ್ತೆ, ಕಾರಣವೂ ಗೊತ್ತಾಗುವುದಿಲ್ಲ.

ಆಮೇಲಿನ ಹಾಡುಗಳಲ್ಲಿ ತೊಂದರೆ ಆಗಲಿಲ್ಲ. ಆದರೆ ಹಿರಿಯರೊಬ್ಬರು ಹರಸೋಕೆ ಬಂದು ಮೈಕನ್ನು ಹೊಟ್ಟೆ ಹತ್ತಿರ ಹಿಡಿದು ಮಾತಾಡಿದರು, ಅದಕ್ಕೆ ಮಾತ್ರ ನಮ್ಮ ಹತ್ತಿರ ಉಪಾಯ ಇರಲಿಲ್ಲ. ಹುಡುಗ ಗೇನ್ ಏರಿಸೋಕೆ ಕೈ ಹಾಕಿದ, ನಾನು ಬೇಡ ಅಂದೆ. ಪಕ್ಕದಲ್ಲಿದ್ದ ಮದುಮಗನೇ ಅವರ ಕೈ ಎತ್ತಿ ಮೈಕನ್ನು ಬಾಯಿಗೆ ಹಿಡಿಸಿದ. ಬುಕ್ ಮಾಡುವಾಗಲೇ ಸೌಂಡ್‌ನವರನ್ನೂ ಡೆಕೋರೇಶನ್‌ನವರನ್ನೂ ಒಂದೇ ಕಡೆ ಕೂರಿಸಿ ಸ್ಪೀಕರ್ ನಿಲ್ಲುವ ಜಾಗ ಗುರುತು ಹಾಕಿಸಿ. ಜನ ಬರುವ ಒಂದು ಗಂಟೆ ಮುಂಚೆ, ಎಲ್ಲ ಮೈಕ್ ತೆರೆದಿಟ್ಟು, ಹಾಡುವವರನ್ನೇ ಕೂರಿಸಿ ಒಂದು ಹಾಡು ಹೇಳಿಸಿ ನೋಡಿ, ಬಾಕಿ ದುಡ್ಡು ಅದಾದ ಮೇಲೆ ಕೊಡಿ.