ಎಂಜಿನ್ ಓವರ್‌ಹಾಲ್: ರಿಪೇರಿ ಖರ್ಚೋ, ಆಸ್ತಿಗೆ ಸೇರ್ಪಡೆಯೋ?

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಸ್ವಂತ ಲಾರಿ ದೇವಿಮನೆ ಘಟ್ಟ ಹತ್ತುವಾಗ ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ಕುಡಿಯುತ್ತಿದೆ ಎನ್ನಿ. ಪಿಸ್ಟನ್, ರಿಂಗ್, ಲೈನರ್, ಬೇರಿಂಗ್ ಬದಲಿಸಿದ್ದಕ್ಕೆ ಮಜೂರಿ ಸೇರಿ 1,40,000 ರೂಪಾಯಿ ಆಯಿತು.

ರಿಪೇರಿ ಎಂದು ಬರೆದರೆ ಅಷ್ಟೂ ಹಣ ಆ ವರ್ಷದ ಲಾಭದಿಂದಲೇ ಕಳೆಯುತ್ತದೆ. ಆಸ್ತಿಗೆ ಸೇರಿಸಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸಿಗುವುದು ಶೇ. 15ರ ಸವಕಳಿ, ಅಂದರೆ ಮೊದಲ ವರ್ಷ 21,000 ಮಾತ್ರ. ಬಾಡಿಗೆಗೆ ಓಡುವ ಲಾರಿಯಾದರೆ ಶೇ. 30.

ಆದರೆ ಆಯ್ಕೆ ನಮ್ಮ ಇಷ್ಟದ್ದಲ್ಲ, ಮೊತ್ತ ದೊಡ್ಡದೆಂಬುದೂ ಕಾರಣವಲ್ಲ. ಸವೆದದ್ದನ್ನು ಸರಿಪಡಿಸಿ ಲಾರಿಯನ್ನು ಮೊದಲಿನ ಸ್ಥಿತಿಗೆ ತಂದರೆ ಅದು ರಿಪೇರಿಯೇ. ಈ ಲಾರಿಯದೂ ಅದೇ. ಹೆಚ್ಚು ಶಕ್ತಿಯ ಬೇರೆ ಎಂಜಿನ್ ಕೂರಿಸಿದ್ದರೆ ಅದು ಸೇರ್ಪಡೆ. ಕೆಟ್ಟು ನಿಂತ ಹಳೇ ಲಾರಿ ಕೊಂಡು, ಓಡಿಸುವ ಮೊದಲೇ ಮಾಡಿಸಿದ ಓವರ್‌ಹಾಲ್ ಕೂಡ ಖರೀದಿ ಬೆಲೆಗೇ ಸೇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಗ್ಯಾರೇಜಿನವರು ಬಿಲ್ಲಿನಲ್ಲಿ ಬರೀ ‘ಎಂಜಿನ್ ಕೆಲಸ’ ಎಂದು ಬರೆದರೆ ಒಪ್ಪಬೇಡಿ. ಹೊಸ ಎಂಜಿನ್ನೋ ಹಳೆಯದರ ದುರಸ್ತಿಯೋ ಎಂದು ಅದರಿಂದ ತಿಳಿಯುವುದಿಲ್ಲ. ಬಿಡಿಭಾಗಗಳ ಹೆಸರು, ಮಜೂರಿ, ಎಂಜಿನ್ ನಂಬರ್ ಪ್ರತ್ಯೇಕವಾಗಿ ಬರೆಸಿಕೊಳ್ಳಿ.